ಲಾಗ್ ಒಳಗೆ ವರ್ಗ ಬಹುಪದೋಕ್ತಿ: ಡೊಮೇನ್ ಹೊರಗಿನಿಂದ, ರೇಂಜ್ ಒಳಗಿನಿಂದ

ಪಿಯುಸಿಯಲ್ಲಿದ್ದಾಗ ಒಂದು ಟೆಸ್ಟಿನಲ್ಲಿ ಈ ಫಂಕ್ಷನ್ ಕೊಟ್ಟು ಡೊಮೇನ್, ರೇಂಜ್ ಎರಡೂ ಕೇಳಿದ್ದರು:

f(x) = log₃(8 + 2x − x²)

ಡೊಮೇನ್ ಸರಿಯಾಗಿ ಬರೆದೆ. ರೇಂಜ್ ಜಾಗದಲ್ಲಿ ಕಣ್ಣು ಮುಚ್ಚಿಕೊಂಡು R ಎಂದು ಬರೆದೆ. ಲಾಗ್‌ನ ರೇಂಜ್ ಎಲ್ಲ ವಾಸ್ತವ ಸಂಖ್ಯೆಗಳು ಎಂದು ಬಾಯಿಪಾಠ ಆಗಿತ್ತಲ್ಲ! ಉತ್ತರ ತಪ್ಪು. ಬಾಯಿಪಾಠ ಸುಳ್ಳಲ್ಲ, ಆದರೆ ಅದು log x ನ ವಿಷಯ. ಅಲ್ಲಿ ಲಾಗ್ ಒಳಗೆ ಎಲ್ಲ ಧನ ಸಂಖ್ಯೆಗಳೂ ಬರುತ್ತವೆ. ಇಲ್ಲಿ ಒಳಗೆ ಕೂತಿರುವುದು ಒಂದು ವರ್ಗ ಬಹುಪದೋಕ್ತಿ. ಅದು ಯಾವ ಬೆಲೆಗಳನ್ನು ಕೊಡುತ್ತದೋ ಅಷ್ಟಕ್ಕೆ ಮಾತ್ರ ಲಾಗ್ ತೆಗೆಯಲು ಸಾಧ್ಯ.

ಇದೇ ಲೆಕ್ಕವನ್ನು ನಿಧಾನವಾಗಿ ಮಾಡೋಣ. ಡೊಮೇನ್ ಹುಡುಕುವಾಗ ಹೊರಗಿನಿಂದ ಒಳಗೆ ಹೋಗಬೇಕು. ಹೊರಗಿರುವ ಲಾಗ್ ಕೇಳುವುದು ಒಂದೇ ಮಾತು: ಒಳಗಿನ ಬೆಲೆ ಸೊನ್ನೆಗಿಂತ ಹೆಚ್ಚಿರಬೇಕು. ಸೊನ್ನೆಯೂ ಆಗುವುದಿಲ್ಲ. ಹಾಗಾಗಿ

8 + 2x − x² > 0
x² − 2x − 8 < 0
(x − 4)(x + 2) < 0

ಎರಡನೇ ಸಾಲಿನಲ್ಲಿ −1 ರಿಂದ ಗುಣಿಸಿದ್ದೇವೆ, ಅದಕ್ಕೇ ಚಿಹ್ನೆ ತಿರುಗಿತು. ಇದನ್ನು ಮರೆಯುವವರು ಜಾಸ್ತಿ. ಗುಣಲಬ್ಧ ಋಣವಾಗುವುದು ಎರಡು ಮೂಲಗಳ ನಡುವೆ, ಆದ್ದರಿಂದ ಡೊಮೇನ್ (−2, 4). ಅನುಮಾನ ಬಂದರೆ ಮಧ್ಯದ ಒಂದು ಸಂಖ್ಯೆ ಹಾಕಿ ನೋಡಿ: x = 0 ಹಾಕಿದರೆ ಒಳಗೆ 8 ಸಿಗುತ್ತದೆ, ಧನ. x = 5 ಹಾಕಿದರೆ −7, ಅಲ್ಲಿ ಲಾಗ್ ಇಲ್ಲ.

ರೇಂಜ್ ಹುಡುಕುವಾಗ ದಾರಿ ಉಲ್ಟಾ, ಒಳಗಿನಿಂದ ಹೊರಗೆ. ಮೊದಲು ಲಾಗ್ ಅನ್ನು ಮರೆತುಬಿಡಿ. x ಈ (−2, 4) ಒಳಗೆ ಓಡಾಡುವಾಗ 8 + 2x − x² ಯಾವ ಯಾವ ಬೆಲೆ ಪಡೆಯುತ್ತದೆ? ಹತ್ತನೇ ತರಗತಿಯಲ್ಲಿ ಕಲಿತ ವರ್ಗ ಪೂರ್ಣಗೊಳಿಸುವ ವಿಧಾನ ಇಲ್ಲಿ ಕೆಲಸಕ್ಕೆ ಬರುತ್ತದೆ:

8 + 2x − x² = 9 − (x − 1)²

ಕಳೆಯುತ್ತಿರುವುದು ಒಂದು ವರ್ಗ, ಅದು ಸೊನ್ನೆಗಿಂತ ಕಡಿಮೆ ಆಗದು. ಹಾಗಾಗಿ ಅತಿ ಹೆಚ್ಚಿನ ಬೆಲೆ 9, ಅದು x = 1 ರಲ್ಲಿ ಸಿಗುತ್ತದೆ. 1 ನಮ್ಮ ಡೊಮೇನ್ ಒಳಗೇ ಇದೆಯಲ್ಲ, ಸರಿ. ಎರಡೂ ತುದಿಗಳ ಕಡೆ ಹೋದಂತೆ ಬೆಲೆ ಸೊನ್ನೆಗೆ ಹತ್ತಿರವಾಗುತ್ತದೆ, ಸೊನ್ನೆ ಮಾತ್ರ ಆಗುವುದಿಲ್ಲ. ಅಂದರೆ ಒಳಗಿನ ಬೆಲೆಗಳು (0, 9]. ಸೊನ್ನೆಯ ಕಡೆ ದುಂಡು ಆವರಣ, 9 ರ ಕಡೆ ಚೌಕ ಆವರಣ.

ಈಗ ಲಾಗ್ ತೆಗೆಯಿರಿ. ಬೇಸ್ 3 ಒಂದಕ್ಕಿಂತ ದೊಡ್ಡದು, ಹಾಗಾಗಿ ಒಳಗೆ ಏರಿದರೆ ಹೊರಗೂ ಏರುತ್ತದೆ. log₃ 9 = 2. ಒಳಗಿನ ಬೆಲೆ ಸೊನ್ನೆಯ ಹತ್ತಿರ ಹೋದಂತೆ ಲಾಗ್ ಕೆಳಗೆ, ಮಿತಿಯೇ ಇಲ್ಲದೆ ಇಳಿಯುತ್ತದೆ. ಉತ್ತರ: ರೇಂಜ್ (−∞, 2].

ಇನ್ನೊಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಲವರು ಡೊಮೇನ್‌ನ ಎರಡು ತುದಿಗಳನ್ನು ಹಾಕಿ ಅಷ್ಟರಲ್ಲೇ ರೇಂಜ್ ಸಿಕ್ಕಿತು ಎಂದುಕೊಳ್ಳುತ್ತಾರೆ. ಇಲ್ಲಿ −2 ಹಾಕಿದರೂ 4 ಹಾಕಿದರೂ ಒಳಗೆ ಸೊನ್ನೆಯೇ! ಪರವಲಯ ನಡುವೆ ಏರಿ ಇಳಿದಿದೆ, ಆ ಏರಿನ ನೆತ್ತಿ ತುದಿಗಳಲ್ಲಿ ಕಾಣುವುದಿಲ್ಲ.

ಉತ್ತರ ಸರಿಯೇ ಎಂದು ತಾಳೆ ನೋಡಲು y = f(x) ಎಂದಿಟ್ಟುಕೊಂಡು x ಗಾಗಿ ಬಿಡಿಸಿ. 3^y = 9 − (x − 1)², ಅಂದರೆ (x − 1)² = 9 − 3^y. ಎಡಗಡೆ ವರ್ಗ ಇರುವುದರಿಂದ ಬಲಗಡೆ ಋಣವಾಗುವಂತಿಲ್ಲ. 3^y ≤ 9, ಅಂದರೆ y ≤ 2. ಅದೇ ಉತ್ತರ ಬೇರೆ ದಾರಿಯಲ್ಲಿ ಬಂತು.

ಗ್ರಾಫ್ ಬಿಡಿಸುವ ಆ್ಯಪ್‌ನಲ್ಲಿ ತಾಳೆ ನೋಡುವವರು ಮಾತ್ರ ಹುಷಾರಾಗಿರಬೇಕು. ಅಲ್ಲಿ ಗೆರೆ x = −2 ರ ಹತ್ತಿರ ಸ್ವಲ್ಪ ಕೆಳಗಿಳಿದು ತಟ್ಟನೆ ನಿಂತಂತೆ ಕಾಣಬಹುದು. "ಓ, ಇದರ ತಳ −4 ರ ಸುಮಾರು" ಎಂದು ಮೋಸ ಹೋಗಬೇಡಿ. y = −10 ಆಗಬೇಕಾದರೆ ಒಳಗಿನ ಬೆಲೆ 1/59049 ಆಗಬೇಕು. −2 ರ ಹತ್ತಿರ ಪರವಲಯದ ಇಳಿಜಾರು 6. ಹಾಗಾಗಿ x ಆ ತುದಿಯಿಂದ ಸುಮಾರು 0.000003 ದೂರದಲ್ಲಿರಬೇಕು. ಅಷ್ಟು ಸಣ್ಣ ಜಾಗ ಪರದೆಯ ಒಂದು ಚುಕ್ಕೆಯೊಳಗೇ ಮುಳುಗಿಹೋಗುತ್ತದೆ. ಗೆರೆ ಕೆಳಗೆ ಇದ್ದೇ ಇದೆ, ಕಾಣುತ್ತಿಲ್ಲ ಅಷ್ಟೆ.

ಈಗ ಒಳಗಿನ ಚಿಹ್ನೆಗಳನ್ನೆಲ್ಲ ತಿರುಗಿಸೋಣ:

g(x) = log₃(x² − 2x − 8)

ಮೂಲಗಳು ಅವೇ, −2 ಮತ್ತು 4. ಆದರೆ ಈಗ ಪರವಲಯ ಮೇಲ್ಮುಖ, ಧನವಾಗುವುದು ಮೂಲಗಳ ಹೊರಗೆ. ಡೊಮೇನ್ (−∞, −2) ∪ (4, ∞). ರೇಂಜ್? ವರ್ಗ ಪೂರ್ಣಗೊಳಿಸಿದರೆ (x − 1)² − 9. ಕನಿಷ್ಠ ಬೆಲೆ −9 ಎಂದು ನೋಡಿ, −9 ಕ್ಕೆ ಲಾಗ್ ಇಲ್ಲವಲ್ಲ ಎಂದು ಗಾಬರಿಯಾಗುತ್ತದೆ. ಆದರೆ ಆ −9 ಸಿಗುವುದು x = 1 ರಲ್ಲಿ, ಮತ್ತು 1 ಡೊಮೇನ್‌ನಲ್ಲೇ ಇಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಬೇಡ. ಡೊಮೇನ್ ಒಳಗೆ ಬೆಲೆಗಳು ಸೊನ್ನೆಗಿಂತ ಸ್ವಲ್ಪ ಮೇಲಿನಿಂದ ಶುರುವಾಗಿ ಎಷ್ಟು ಬೇಕಾದರೂ ಏರುತ್ತವೆ, ಅಂದರೆ (0, ∞) ಪೂರ್ತಿ. ಹಾಗಾಗಿ ಇಲ್ಲಿ ರೇಂಜ್ ನಿಜವಾಗಿಯೂ R. ನನ್ನ ಬಾಯಿಪಾಠದ ಉತ್ತರ ಈ ಲೆಕ್ಕಕ್ಕೆ ಹೊಂದುತ್ತಿತ್ತು!

ಇದೇ g ಯನ್ನು log₃(x − 4) + log₃(x + 2) ಎಂದು ಬಿಡಿಸಿ ಬರೆದು ಆಮೇಲೆ ಡೊಮೇನ್ ಹುಡುಕಿದರೆ (4, ∞) ಮಾತ್ರ ಸಿಗುತ್ತದೆ. ಎಡಗಡೆಯ ಅರ್ಧ ಮಾಯ. x = −5 ಹಾಕಿ ನೋಡಿ: ಗುಣಲಬ್ಧ (−9)(−3) = 27, ಲಾಗ್ 3, ಯಾವ ತೊಂದರೆಯೂ ಇಲ್ಲ. ಬಿಡಿಸಿದ ರೂಪದಲ್ಲಿ ಎರಡು ಲಾಗ್‌ಗಳೂ ಕೆಟ್ಟು ಕೂರುತ್ತವೆ. ಆದ್ದರಿಂದ ಮೊದಲು ಡೊಮೇನ್, ಆಮೇಲೆ ಲಾಗ್ ನಿಯಮಗಳು. log (x − 1)² ಅನ್ನು 2 log (x − 1) ಎಂದು ಬರೆಯುವುದೂ ಇದೇ ಜಾತಿಯ ತಪ್ಪು. ಸರಿಯಾದದ್ದು 2 log |x − 1|.

ಮೂಲಗಳೇ ಇಲ್ಲದ ಮೇಲ್ಮುಖ ಪರವಲಯ ಬಂದರೆ ಕೆಲಸ ಸುಲಭ. x² − 4x + 13 = (x − 2)² + 9, ಎಂದೂ 9 ಕ್ಕಿಂತ ಕೆಳಗೆ ಬರುವುದಿಲ್ಲ. ಹಾಗಾಗಿ log₃(x² − 4x + 13) ನ ಡೊಮೇನ್ R, ರೇಂಜ್ [2, ∞). ಮೂಲಗಳಿಲ್ಲದ ಕೆಳಮುಖ ಪರವಲಯವಾದರೆ ಎಲ್ಲೂ ಧನವೇ ಇಲ್ಲ, ಅಲ್ಲಿ ಫಂಕ್ಷನ್ನೇ ಇಲ್ಲ.

ಈಗ ನನಗೆ ತುಂಬಾ ಇಷ್ಟವಾದ, ಎಲ್ಲರನ್ನೂ ಎಡವಿಸುವ ಪ್ರಶ್ನೆ. log₃(x² − 2x + k) ನ ಡೊಮೇನ್ R ಆಗಲು k ಎಷ್ಟಿರಬೇಕು? ರೇಂಜ್ R ಆಗಲು k ಎಷ್ಟಿರಬೇಕು? ಎರಡೂ ಒಂದೇ ಪ್ರಶ್ನೆ ಎಂದು ತೋರುತ್ತದೆ. ಆದರೆ ಉತ್ತರಗಳು ತದ್ವಿರುದ್ಧ.

ಒಳಗಿರುವುದು (x − 1)² + (k − 1). ಡೊಮೇನ್ R ಆಗಬೇಕಾದರೆ ಪರವಲಯ x ಅಕ್ಷವನ್ನು ಮುಟ್ಟಲೇಬಾರದು. ಅದರ ತಳ k − 1 ಸೊನ್ನೆಗಿಂತ ಮೇಲಿರಬೇಕು, k > 1. ಶೋಧಕ ಋಣ ಎನ್ನುವುದೂ ಇದೇ ಮಾತು. ರೇಂಜ್ R ಆಗಬೇಕಾದರೆ ಒಳಗೆ ಎಲ್ಲ ಧನ ಸಂಖ್ಯೆಗಳೂ ಬರಬೇಕು, 0.0001 ಕೂಡ, ಅದಕ್ಕಿಂತ ಸಣ್ಣವೂ ಕೂಡ. ತಳ ಸೊನ್ನೆಗಿಂತ ಮೇಲೆ ನಿಂತುಬಿಟ್ಟರೆ ಆ ಸಣ್ಣ ಸಂಖ್ಯೆಗಳು ಸಿಗುವುದಿಲ್ಲ. ಹಾಗಾಗಿ ಪರವಲಯ ಅಕ್ಷವನ್ನು ಮುಟ್ಟಲೇಬೇಕು ಅಥವಾ ದಾಟಬೇಕು: k ≤ 1. ಎರಡೂ R ಆಗುವ k ಒಂದೂ ಇಲ್ಲ. ರೇಂಜ್ ತುಂಬಬೇಕಾದರೆ ಡೊಮೇನ್‌ನಲ್ಲಿ ತೂತು ಬೀಳಲೇಬೇಕು. k = 1 ಇದ್ದಾಗ ಆ ತೂತು x = 1 ಎಂಬ ಒಂದೇ ಚುಕ್ಕೆ.

k ಮುಂದೆ ಬಂದು ಕೂತರೆ, ಅಂದರೆ log₃(kx² + 2x + 1) ಎಂದಿದ್ದರೆ, ಇನ್ನೂ ಒಂದು ಮೂಲೆ ಗುಡಿಸಬೇಕು. ರೇಂಜ್ R ಆಗಲು k > 0 ಮತ್ತು ಶೋಧಕ 4 − 4k ≥ 0 ಎಂದು ಬರೆದು 0 < k ≤ 1 ಎಂದು ನಿಲ್ಲಿಸುತ್ತಾರೆ. k = 0 ಆದಾಗ ಒಳಗೆ ಉಳಿಯುವುದು 2x + 1. ಅದು ವರ್ಗವಲ್ಲ, ನೇರ ಗೆರೆ. ಆದರೆ ಅದೂ ಎಲ್ಲ ಧನ ಬೆಲೆಗಳನ್ನು ಕೊಡುತ್ತದೆ. ಹಾಗಾಗಿ ಉತ್ತರ 0 ≤ k ≤ 1.

ಕೊನೆಗೆ ಮೂರು ಪದರದ ಒಂದು ಲೆಕ್ಕ. ಮೊದಲಿನ f ಗೇ ಮೇಲೊಂದು ವರ್ಗಮೂಲ ಹೊದಿಸೋಣ:

h(x) = √( log₃(8 + 2x − x²) )

ಹೊರಗಿನ ವರ್ಗಮೂಲಕ್ಕೆ ಲಾಗ್ ಸೊನ್ನೆ ಅಥವಾ ಅದಕ್ಕಿಂತ ಜಾಸ್ತಿ ಬೇಕು. ಬೇಸ್ 3 ಆದ್ದರಿಂದ ಒಳಗಿನ ಬೆಲೆ 1 ಅಥವಾ ಅದಕ್ಕಿಂತ ಜಾಸ್ತಿ ಬೇಕು. 9 − (x − 1)² ≥ 1, ಅಂದರೆ (x − 1)² ≤ 8. ಡೊಮೇನ್ [1 − 2√2, 1 + 2√2], ಸುಮಾರು −1.83 ರಿಂದ 3.83. ಒಳಗೆ ಧನ ಇರಬೇಕೆಂಬ ಷರತ್ತು ಬೇರೆ ಬರೆಯಬೇಕಿಲ್ಲ, 1 ಕ್ಕಿಂತ ಕಡಿಮೆ ಇಲ್ಲದ್ದು ಧನವೇ. ರೇಂಜ್‌ಗೆ ಒಳಗಿನಿಂದ ಬನ್ನಿ: 1 ರಿಂದ 9, ಲಾಗ್ 0 ಯಿಂದ 2, ವರ್ಗಮೂಲ 0 ಯಿಂದ √2. ಅಂದರೆ [0, √2].

ಬೇಸ್ ಅನ್ನು ಮಾತ್ರ 1/3 ಮಾಡಿ ನೋಡಿ. ಈಗ ಲಾಗ್ ಇಳಿಯುವ ಫಂಕ್ಷನ್, ಚಿಹ್ನೆ ತಿರುಗುತ್ತದೆ. ಒಳಗಿನ ಬೆಲೆ 1 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಈ ಸಲ ಧನ ಇರಬೇಕೆಂಬ ಷರತ್ತನ್ನು ಬಿಡುವಂತಿಲ್ಲ, ಏಕೆಂದರೆ 1 ಕ್ಕಿಂತ ಕಡಿಮೆ ಎಂದರೆ ಋಣ ಸಂಖ್ಯೆಗಳೂ ಬಂದುಬಿಡುತ್ತವೆ. 0 < 9 − (x − 1)² ≤ 1, ಅಂದರೆ 8 ≤ (x − 1)² < 9. ಮೊದಲು ನಡುವೆ ಇದ್ದ ಡೊಮೇನ್ ಈಗ ಎರಡು ಸಣ್ಣ ಚೂರಾಗಿ ಅಂಚಿಗೆ ಹೋಯಿತು: (−2, 1 − 2√2] ∪ [1 + 2√2, 4). ಒಂದೊಂದು ಚೂರಿನ ಅಗಲ ಸುಮಾರು 0.17. ಆದರೆ ಅಷ್ಟು ಸಣ್ಣ ಜಾಗದಲ್ಲೇ ಒಳಗಿನ ಬೆಲೆ 1 ರಿಂದ ಸೊನ್ನೆಯ ಹತ್ತಿರದವರೆಗೆ ಇಳಿಯುತ್ತದೆ, ಲಾಗ್ 0 ಯಿಂದ ಮೇಲಕ್ಕೆ ಮಿತಿಯಿಲ್ಲದೆ ಏರುತ್ತದೆ. ರೇಂಜ್ [0, ∞).