30 ಮಕ್ಕಳ ಕೋಣೆಗೆ ಎಷ್ಟು ಗಾಳಿ ಬೇಕು?

ಓದುಗರ ಪ್ರಶ್ನೆ: ನಮ್ಮ ಟ್ಯೂಷನ್ ಕೋಣೆ 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರ. ಒಂದೇ ಗೋಡೆಯಲ್ಲಿ ಎರಡು ಕಿಟಕಿ, ಎದುರು ಗೋಡೆಯಲ್ಲಿ ಬಾಗಿಲು. 30 ಮಕ್ಕಳು ಕೂರುತ್ತಾರೆ. ಎರಡು ಸೀಲಿಂಗ್ ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಅರ್ಧ ಗಂಟೆಯಲ್ಲೇ ಉಸಿರುಗಟ್ಟಿದ ಹಾಗಾಗುತ್ತದೆ. ಇನ್ನೊಂದು ಫ್ಯಾನ್ ಹಾಕಿಸಬೇಕಾ?

ಉತ್ತರ: ಹಾಕಿಸಬೇಕು, ಆದರೆ ಸೀಲಿಂಗ್ ಫ್ಯಾನ್ ಅಲ್ಲ. ಅದು ಒಳಗಿರುವ ಗಾಳಿಯನ್ನೇ ಸುತ್ತಿಸುತ್ತದೆ. ಬೆವರು ಆರುತ್ತದೆ, ಸೆಕೆ ಕಡಿಮೆ ಅನಿಸುತ್ತದೆ, ಹೊರಗಿನ ಗಾಳಿ ಮಾತ್ರ ಒಳಗೆ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಮಾರ್ಗದರ್ಶಿಯ ಪ್ರಕಾರ ಇಂಥ ಜಾಗಗಳಲ್ಲಿ ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ ಬೇಕು. 30 ಮಕ್ಕಳು, ಒಬ್ಬ ಮೇಷ್ಟ್ರು ಸೇರಿ 310 ಲೀಟರ್ ಆಯಿತು. ಗಂಟೆ ಲೆಕ್ಕದಲ್ಲಿ ಸುಮಾರು 1,100 ಘನ ಮೀಟರ್. ನಿಮ್ಮ ಕೋಣೆಯಲ್ಲಿ ಹಿಡಿಸುವ ಗಾಳಿಯೇ 85 ಘನ ಮೀಟರ್. ಅಂದರೆ ಐದು ನಿಮಿಷದೊಳಗೆ ಒಂದು ಕೋಣೆಯಷ್ಟು ಹೊಸ ಗಾಳಿ ಬರಬೇಕು. ಜಾಸ್ತಿ ಅನಿಸಬಹುದು, ಆದರೆ ಇಷ್ಟು ಚಿಕ್ಕ ಜಾಗದಲ್ಲಿ 31 ಜನ ಇದ್ದಾರಲ್ವಾ!

ಕಿಟಕಿ, ಬಾಗಿಲು ಎರಡೂ ತೆರೆದಿದ್ದರೆ ಇದು ಕಷ್ಟವೇನಲ್ಲ. 4 ಅಡಿಗೆ 4 ಅಡಿಯ ಸ್ಲೈಡಿಂಗ್ ಕಿಟಕಿ ಅರ್ಧದಷ್ಟೇ ತೆರೆಯುತ್ತದೆ. ಹಾಗಾಗಿ ಎರಡು ಕಿಟಕಿಗೆ ಲೆಕ್ಕಕ್ಕೆ ಸಿಗುವುದು 16 ಚದರ ಅಡಿ. ಗಾಳಿ ಓರೆಯಾಗಿ ಬೀಸಿದರೂ, ಎದುರಿನ ಬಾಗಿಲು ತೆರೆದು ಅದರಾಚೆ ಬಯಲೋ ಜಗಲಿಯೋ ಇದ್ದರೆ, ಗಂಟೆಗೆ ಎರಡೂವರೆ ಕಿಲೋಮೀಟರ್ ವೇಗದ ಸಣ್ಣ ಗಾಳಿಯೇ ಸಾಕು. ಸೊಳ್ಳೆ ಜಾಲರಿ ಇದ್ದರೆ ಅಷ್ಟು ಸಾಲದು. ಅದರಲ್ಲೂ ದೂಳು ಕಟ್ಟಿದ ಜಾಲರಿ ಗಾಳಿಯನ್ನು ಚೆನ್ನಾಗಿಯೇ ತಡೆಯುತ್ತದೆ. ತಿಂಗಳಿಗೊಮ್ಮೆ ತೊಳೆಯಿರಿ.

ಪಕ್ಕದ ಬ್ಯಾಚಿನ ಗಲಾಟೆ ಅಂತ ಬಾಗಿಲು ಮುಚ್ಚಿದಿರೋ, ಲೆಕ್ಕವೆಲ್ಲ ಕೆಡುತ್ತದೆ. ಒಂದೇ ಗೋಡೆಯ ಕಿಟಕಿಗಳು ಎಷ್ಟೇ ದೊಡ್ಡದಿರಲಿ, ಬಂದ ಗಾಳಿಗೆ ಆಚೆ ಹೋಗಲು ಸರಿಯಾದ ದಾರಿಯಿಲ್ಲ. ನಿಮ್ಮ ತೊಂದರೆಯೂ ಇದೇ ಇರಬೇಕು.

ಬಾಗಿಲು ತೆರೆಯಲು ಆಗದಿದ್ದರೆ ಎಕ್ಸಾಸ್ಟ್ ಫ್ಯಾನ್ ಬೇಕು. ಇಂಚು ನೋಡಿ ಕೊಳ್ಳಬೇಡಿ, ಪೆಟ್ಟಿಗೆಯ ಮೇಲೆ m³/h ಎಂದು ಬರೆದ ಅಂಕಿ ನೋಡಿ. ನಿಮಗೆ ಬೇಕಿರುವುದು 1,100. ಗೋಡೆಗೆ ಕೂರಿಸಿದ ಮೇಲೆ ಫ್ಯಾನು ಅಷ್ಟು ಎಳೆಯುವುದಿಲ್ಲ, ಅದಕ್ಕೇ 1,400ರಿಂದ 1,500ರದ್ದು ತನ್ನಿ. ಬಾಗಿಲಿನಾಚೆ ತೆರೆದ ಜಗಲಿ ಇದ್ದರೆ ಬಾಗಿಲ ಮೇಲೆ ಕೂರಿಸಿ, ಕಿಟಕಿ ತೆರೆದಿಡಿ. ಆಚೆ ಮುಚ್ಚಿದ ಕಾರಿಡಾರ್ ಇದ್ದರೆ ಅಲ್ಲಿ ಬೇಡ. ನಿಮ್ಮ ಕೋಣೆಯ ಗಾಳಿ ಪಕ್ಕದ ಕೋಣೆಗೆ ಹೋಗುತ್ತದೆ ಅಷ್ಟೆ. ಆಗ ಒಂದು ಕಿಟಕಿಯ ಮೇಲ್ಭಾಗದಲ್ಲಿ ಫ್ಯಾನ್ ಹಾಕಿ, ಆ ಕಿಟಕಿಯ ಉಳಿದ ಭಾಗ ಪೂರ್ತಿ ಮುಚ್ಚಿಸಿ, ಇನ್ನೊಂದನ್ನು ತೆರೆದಿಡಿ. ಮುಚ್ಚದಿದ್ದರೆ ಫ್ಯಾನು ಅಲ್ಲೇ ಕೆಳಗಿನಿಂದ ಗಾಳಿ ಎಳೆದು ಅಲ್ಲೇ ಹೊರಹಾಕುತ್ತದೆ. ಸೀಲಿಂಗ್ ಫ್ಯಾನ್ ಉಪಯೋಗಕ್ಕೆ ಬರುವುದು ಈಗ: ಬಂದ ಹೊಸ ಗಾಳಿಯನ್ನು ಬಾಗಿಲ ಕಡೆಯ ಮೂಲೆಗೂ ಅದು ಹರಡುತ್ತದೆ. ನಿಧಾನಕ್ಕೆ ತಿರುಗಿದರೂ ಸಾಕು.

ಒಳಬರುವ ದಾರಿ ಕನಿಷ್ಠ ಮೂರೂವರೆ ಚದರ ಅಡಿ ಇರಲಿ, ಜಾಲರಿ ಇದ್ದರೆ ಅದರ ಎರಡರಷ್ಟು. ಸಾಲದಿದ್ದರೆ ಬಾಗಿಲ ಸಂದಿಯಲ್ಲಿ ಸುಯ್ಯೆಂದು ಸದ್ದು ಬರುತ್ತದೆ. ತೆರೆದ ಕಿಟಕಿಯ ಬಳಿ ಊದುಬತ್ತಿ ಹಿಡಿದು ನೋಡಿ. ಹೊಗೆ ಒಳಮುಖವಾಗಿ ಸಾಗಬೇಕು.

ಆರು ಜನರ ಎಸಿ ಆಫೀಸಿಗೂ ಇದೇ ಲೆಕ್ಕ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಸಾಮಾನ್ಯವಾಗಿ ಹೊರಗಾಳಿ ತರುವುದೇ ಇಲ್ಲ. ಅಲ್ಲಿ ಗಂಟೆಗೆ 216 ಘನ ಮೀಟರ್ ಬೇಕು. ಸಣ್ಣ ಎಕ್ಸಾಸ್ಟ್ ಫ್ಯಾನ್, ಎದುರು ಗೋಡೆಯಲ್ಲಿ ಸುಮಾರು ಒಂದು ಚದರ ಅಡಿಯ ಕಿಂಡಿ ಸಾಕಾಗುತ್ತದೆ. ಕರೆಂಟ್ ಬಿಲ್ ಸ್ವಲ್ಪ ಏರುತ್ತದೆ, ಬೇರೆ ದಾರಿಯಿಲ್ಲ.

ಪರೀಕ್ಷಿಸಲು ಕಾರ್ಬನ್ ಡೈಆಕ್ಸೈಡ್ ಮೀಟರ್ ಸಿಗುತ್ತದೆ. ಅತಿಗೆಂಪು ಬೆಳಕಿನಿಂದ ಈ ಅನಿಲವನ್ನೇ ನೇರವಾಗಿ ಅಳೆಯುವ NDIR ಸೆನ್ಸರ್ ಇರುವುದನ್ನೇ ಕೊಳ್ಳಿ. ತೀರಾ ಅಗ್ಗದ ಕೆಲವು ಮೀಟರ್‌ಗಳು ಬೇರೆ ಅನಿಲಗಳ ಮೇಲೆ ಅಂದಾಜು ಕಟ್ಟಿ ಅಂಕಿ ತೋರಿಸುತ್ತವೆ. ಹೊರಗೆ ಸುಮಾರು 420 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ, ಇರುತ್ತದೆ. ಒಬ್ಬರಿಗೆ 10 ಲೀಟರ್ ಸಿಗುತ್ತಿದ್ದರೆ ದೊಡ್ಡವರು ಕೂತ ಕೋಣೆಯಲ್ಲಿ 900ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಮಕ್ಕಳ ಕೋಣೆಯಲ್ಲಿ ಇನ್ನೂ ಸ್ವಲ್ಪ ಕಡಿಮೆ. 1,400 ತೋರಿಸಿದರೆ ಹೆಚ್ಚೆಂದರೆ ಅರ್ಧದಷ್ಟು ಸಿಗುತ್ತಿದೆ ಎಂದರ್ಥ. ಪಾಠ ಶುರುವಾಗಿ ಮುಕ್ಕಾಲು ಗಂಟೆಯ ಮೇಲೆ, ಕಿಟಕಿಯಿಂದ ದೂರ, ಮಕ್ಕಳು ಕೂರುವ ಎತ್ತರದಲ್ಲಿಟ್ಟು ನೋಡಿ. ಯಾರ ಮುಖದ ಮುಂದೆಯೂ ಇಡಬೇಡಿ. ಉಸಿರು ತಾಗಿದರೆ ಅಂಕಿ ಸುಮ್ನೆ ಏರುತ್ತದೆ. ಕರೆಂಟ್ ಹೋದಾಗ ಎಕ್ಸಾಸ್ಟ್ ನಿಲ್ಲುವುದರಿಂದ, ಆಗ ಗಲಾಟೆ ಇದ್ದರೂ ಬಾಗಿಲು ತೆರೆದೇ ಪಾಠ ಮಾಡಿ.