ಟ್ಯೂಬಿನ ಒಳಗಿನ ತುಕ್ಕು ಹೇಳುವ ಆಯಸ್ಸು

ರಾಯಚೂರು ಕಡೆ ಮೇ ತಿಂಗಳಲ್ಲಿ ನಿಲ್ಲಿಸಿದ ಬಾಯ್ಲರ್ ಒಳಗೆ ಹೊಕ್ಕವರಿಗೆ ಮಾತ್ರ ಗೊತ್ತು, ಹೊರಗಿನ 43 ಡಿಗ್ರಿ ಬಿಸಿಲೇ ತಂಪು ಅಂತ. ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು 210 ಮೆಗಾವ್ಯಾಟ್ ಘಟಕದ ಓವರ್‌ಹಾಲ್‌ನಲ್ಲಿ ಹಾಗೆ ಒಳಗಿದ್ದೆ. ಹಬೆಗೆ ಕೊನೆಯ ಬಿಸಿ ಕೊಡುವ ಫೈನಲ್ ಸೂಪರ್‌ಹೀಟರ್ ಕಾಯಿಲ್‌ಗಳ ನಡುವೆ ಸ್ಕ್ಯಾಫೋಲ್ಡಿಂಗ್ ಮೇಲೆ ನಿಂತಿದ್ದಾಗ, ಹೊಸದಾಗಿ ಸೇರಿದ್ದ ಹುಡುಗನೊಬ್ಬ ಒಂದು ಟ್ಯೂಬಿನ ಮೇಲೆ ಕೈಯಿಟ್ಟು ಕೇಳಿದ: “ಸರ್, ಇದು ಇನ್ನ ಎಷ್ಟು ದಿನ ಬರ್ತದ್ರಿ?”

ಕೇಳೋಕೆ ಸಣ್ಣ ಪ್ರಶ್ನೆ. ಉತ್ತರ ಹುಡುಕಲು ನಮಗೆ ಎರಡು ದಿನ ಹಿಡಿಯಿತು.

ಇಂಥ ಟ್ಯೂಬಿನ ಆಯಸ್ಸನ್ನು ತಿನ್ನುವುದು ಕ್ರೀಪ್. ಮೊದಲು ಅದೇನು ಅಂತ ನೋಡೋಣ. ಮನೆಯ ಹೊರಸಿಗೆ ಹೊಸ ಹಗ್ಗ ಹೆಣೆದಾಗ ಬಿಗಿಯಾಗಿರುತ್ತದೆ. ಮಲಗುವವರ ಭಾರ ಅಷ್ಟೇ ಇದ್ದರೂ ವರ್ಷ ಕಳೆದಂತೆ ನಡು ಜಗ್ಗುತ್ತದೆ. ತಣ್ಣಗಿರುವ ಉಕ್ಕು ಹೀಗೆ ಮಾಡುವುದಿಲ್ಲ. ಆದರೆ 500 ಡಿಗ್ರಿ ದಾಟಿದ ಮೇಲೆ ಅದೂ ಹಗ್ಗದ ಹಾಗೆಯೇ. ಒತ್ತಡ ಒಂದಿಷ್ಟೂ ಹೆಚ್ಚದಿದ್ದರೂ ದಿನದಿನಕ್ಕೆ ಹಿಗ್ಗುತ್ತಾ ಹೋಗುತ್ತದೆ. ಮೊದಲು ಸ್ವಲ್ಪ ಬೇಗ, ಆಮೇಲೆ ವರ್ಷಗಟ್ಟಲೆ ತೀರಾ ನಿಧಾನ. ಕೊನೆಗೆ ಉಕ್ಕಿನ ಕಣಗಳ ಅಂಚಿನಲ್ಲಿ ಸಣ್ಣ ಪೊಳ್ಳುಗಳು ಹುಟ್ಟಿ, ಒಂದಕ್ಕೊಂದು ಸೇರಿ ಬಿರುಕಾಗುತ್ತವೆ. ಅಲ್ಲಿಂದ ಟ್ಯೂಬ್ ಒಡೆಯುವವರೆಗೆ ಜಾಸ್ತಿ ಸಮಯ ಸಿಗುವುದಿಲ್ಲ.

ನಮ್ಮ ಮುಂದಿದ್ದದ್ದು ಟಿ22 ಉಕ್ಕು. ನೂರಕ್ಕೆ ಸುಮಾರು ಎರಡೂಕಾಲು ಭಾಗ ಕ್ರೋಮಿಯಂ, ಒಂದು ಭಾಗ ಮಾಲಿಬ್ಡಿನಂ ಇರುವ, ಹಳೆಯ ಘಟಕಗಳಲ್ಲಿ ಎಲ್ಲೆಲ್ಲೂ ಕಾಣುವ ಟ್ಯೂಬ್. ಹೊರವ್ಯಾಸ 51 ಮಿಲಿಮೀಟರ್, ಅಳೆದಾಗ ಸಿಕ್ಕ ದಪ್ಪ 7. ಒಳಗೆ 150 ಬಾರ್ ಹಬೆ. ವ್ಯಾಸದಿಂದ ದಪ್ಪವನ್ನು ಕಳೆದು, ಒತ್ತಡದಿಂದ ಗುಣಿಸಿ, ದಪ್ಪದ ಎರಡರಷ್ಟರಿಂದ ಭಾಗಿಸಿದರೆ ಟ್ಯೂಬಿನ ಗೋಡೆಯ ಮೇಲೆ ಸುತ್ತಲೂ ಬೀಳುವ ಎಳೆತ ಸಿಗುತ್ತದೆ: ಸುಮಾರು 47 ಮೆಗಾಪ್ಯಾಸ್ಕಲ್. ಇಷ್ಟು ಸುಲಭ.

ಕಷ್ಟ ಇರುವುದು ತಾಪಮಾನದಲ್ಲಿ. ಕಂಟ್ರೋಲ್ ರೂಮಿನ ಪರದೆ ಹಬೆ 540 ಡಿಗ್ರಿ ಅನ್ನುತ್ತದೆ. ಆದರೆ ಅದು ಹೆಡರ್‌ನಲ್ಲಿ ಎಲ್ಲ ಟ್ಯೂಬುಗಳ ಹಬೆ ಬೆರೆತ ಮೇಲಿನ ಲೆಕ್ಕ. ಬಿಸಿ ಅಳೆಯಲು ಟ್ಯೂಬಿಗೆ ಬೆಸೆದ ಥರ್ಮೋಕಪಲ್‌ಗಳೂ ಇರುತ್ತವೆ, ಆದರೆ ಅವು ಛಾವಣಿಯ ಮೇಲೆ, ಬೆಂಕಿಯ ಗಾಳಿ ತಾಕದ ಜಾಗದಲ್ಲಿ. ಕೆಳಗೆ ಬೆಂಕಿಯಲ್ಲಿ ಬೇಯುವ ಲೋಹ ಎಷ್ಟು ಬಿಸಿ ಇತ್ತು ಅಂತ ಅವು ಹೇಳುವುದಿಲ್ಲ.

ಅದನ್ನು ಹೇಳುವುದು ಟ್ಯೂಬಿನ ಒಳಗಿನ ತುಕ್ಕು, ನಾವು ಸ್ಕೇಲ್ ಅನ್ನುವ ಕಪ್ಪು ಪದರ. ಹಬೆ ತಾಕಿ ತಾಕಿ ಅದು ಬೆಳೆಯುತ್ತದೆ. ಎಷ್ಟು ಬಿಸಿಯಲ್ಲಿ ಎಷ್ಟು ಗಂಟೆ ಇದ್ದರೆ ಎಷ್ಟು ದಪ್ಪ ಅನ್ನುವುದಕ್ಕೆ ಟಿ22ಗೆ ಒಳ್ಳೆಯ ಸೂತ್ರಗಳಿವೆ. ಹಾಗಾಗಿ ದಪ್ಪ ಮತ್ತು ಗಂಟೆ ಗೊತ್ತಿದ್ದರೆ ಬಿಸಿ ಎಷ್ಟಿತ್ತು ಅಂತ ತಿರುಗಿಸಿ ಲೆಕ್ಕ ಹಾಕಬಹುದು. ಟ್ಯೂಬ್ ಕತ್ತರಿಸಬೇಕಾಗಿಲ್ಲ. ಹೊರಗೆ ಒಂದು ಬೆರಳಗಲ ಜಾಗವನ್ನು ಹೊಳೆಯುವಂತೆ ಗ್ರೈಂಡ್ ಮಾಡಿ, ಹೆಚ್ಚು ಫ್ರೀಕ್ವೆನ್ಸಿಯ ಅಲ್ಟ್ರಾಸಾನಿಕ್ ಪ್ರೋಬ್ ಇಟ್ಟರೆ ಉಕ್ಕಿನ ಪ್ರತಿಧ್ವನಿಯ ಹಿಂದೆಯೇ ಸ್ಕೇಲ್‌ನದೂ ಕಾಣುತ್ತದೆ.

ಆ ಕಾಯಿಲ್‌ಗಳು 80,000 ಗಂಟೆ ಓಡಿದ್ದವು. ಬಹುತೇಕ ಟ್ಯೂಬುಗಳಲ್ಲಿ ಸ್ಕೇಲ್ 0.2 ಮಿಲಿಮೀಟರ್. ಹುಡುಗ ಕೈಯಿಟ್ಟಿದ್ದ ಟ್ಯೂಬ್ ಮತ್ತು ಅದರ ಪಕ್ಕದ್ದರಲ್ಲಿ 0.3. “ಒಂದು ಕೂದಲೆಳೆ ವ್ಯತ್ಯಾಸ ಅಲ್ವಾ ಸರ್” ಅಂದ. ಲೆಕ್ಕ ಹಾಕಿದರೆ 0.2 ಅಂದರೆ ಸುಮಾರು 553 ಡಿಗ್ರಿ, 0.3 ಅಂದರೆ ಸುಮಾರು 571. ಆ ಕೂದಲೆಳೆಯಲ್ಲಿ 18 ಡಿಗ್ರಿ ಅಡಗಿತ್ತು.

18 ಡಿಗ್ರಿ ಏನು ಮಾಡುತ್ತದೆ ಅಂತ ಹೇಳುವುದು 1952ರಲ್ಲಿ ಲಾರ್ಸನ್ ಮತ್ತು ಮಿಲ್ಲರ್ ಕೊಟ್ಟ ಸೂತ್ರ:

```
LMP = T × (20 + log t)
```

`LMP` ಆ ಇಬ್ಬರ ಹೆಸರಿನ ಅಂಕಿ, `T` ಕೆಲ್ವಿನ್‌ನಲ್ಲಿ ಅಂದರೆ ಸೆಲ್ಸಿಯಸ್‌ಗೆ 273 ಸೇರಿಸಿದ ತಾಪಮಾನ, `t` ಒಡೆಯುವವರೆಗಿನ ಗಂಟೆಗಳು. ಒಂದು ಎಳೆತಕ್ಕೆ ಒಂದು `LMP`. ಹೆಚ್ಚು ಬಿಸಿಯಲ್ಲಿ ಸ್ವಲ್ಪ ಕಾಲ ಮಾಡಿದ ಪರೀಕ್ಷೆಯನ್ನು ಕಡಿಮೆ ಬಿಸಿಯ ದೀರ್ಘ ಕಾಲಕ್ಕೆ ಒಯ್ಯುವ ಸೇತುವೆ ಇದು. 47 ಮೆಗಾಪ್ಯಾಸ್ಕಲ್‌ಗೆ ಟಿ22ರ ಪರೀಕ್ಷಾ ಫಲಿತಾಂಶಗಳ ಕನಿಷ್ಠ ಗೆರೆಯಲ್ಲಿ ಸುಮಾರು 20,800 ಸಿಗುತ್ತದೆ. ಸೂತ್ರಕ್ಕೆ ಹಾಕಿ: 550 ಡಿಗ್ರಿಗೆ ಸುಮಾರು 1,88,000 ಗಂಟೆ, 560ಕ್ಕೆ 93,000, 570ಕ್ಕೆ 47,000. ಪ್ರತಿ ಹತ್ತು ಡಿಗ್ರಿಗೆ ಆಯಸ್ಸು ಅರ್ಧ.

ಈಗ ನಮ್ಮ ಟ್ಯೂಬುಗಳಿಗೆ ಬರೋಣ. 553 ಡಿಗ್ರಿಯದಕ್ಕೆ ಆಯಸ್ಸು ಸುಮಾರು 1,50,000 ಗಂಟೆ. ಅರ್ಧ ಮುಗಿದಿದೆ, ಸದ್ಯಕ್ಕೆ ಚಿಂತೆಯಿಲ್ಲ. 571 ಡಿಗ್ರಿಯದಕ್ಕೆ 44,000. ಆದರೆ ಅದು ಆಗಲೇ 80,000 ಗಂಟೆ ಓಡಿದೆ! ಲೆಕ್ಕದ ಪ್ರಕಾರ ಎಂದೋ ಸತ್ತಿರಬೇಕಾದ ಟ್ಯೂಬ್ ನಮ್ಮ ಕಣ್ಣೆದುರು ಗಟ್ಟಿಮುಟ್ಟಾಗಿ ನಿಂತಿತ್ತು.

ಹುಡುಗನಿಗೆ ನಗು ಬಂತು. “ಹಂಗಾದ್ರ ಲೆಕ್ಕನ ಸುಳ್ಳೇನ್ರಿ?”

ಸುಳ್ಳಲ್ಲ. ಒಂದೇ ಹೆಸರಿನ ಉಕ್ಕಿನ ಬೇರೆ ಬೇರೆ ಎರಕಗಳು ಬೇರೆ ಬೇರೆ ಕಾಲ ಬಾಳುತ್ತವೆ. ಕನಿಷ್ಠ ಗೆರೆ ಅಂದರೆ ಆ ಗುಂಪಿನಲ್ಲಿ ಅತಿ ದುರ್ಬಲ ಎರಕಗಳದ್ದು. ಸರಾಸರಿ ಗೆರೆಯಲ್ಲಿ ಅದೇ ಎಳೆತಕ್ಕೆ `LMP` ಸುಮಾರು 21,225. ಆಗ 571 ಡಿಗ್ರಿಯಲ್ಲೂ ಸುಮಾರು 1,41,000 ಗಂಟೆ ಬರುತ್ತದೆ. ಅಂದರೆ ಉತ್ತರ 44,000ದಿಂದ 1,41,000ರವರೆಗೆ, ಎರಕ ಗಟ್ಟಿಯಿದ್ದರೆ ಅದರಾಚೆಗೂ, ಎಲ್ಲಾದರೂ ಇರಬಹುದು. ಇಷ್ಟು ಅಗಲದ ಉತ್ತರವನ್ನು ಒಂದೇ ಸಂಖ್ಯೆ ಮಾಡಿ ವರದಿಯಲ್ಲಿ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ಮಾತು. 571 ಅನ್ನುವುದು ಇಡೀ 80,000 ಗಂಟೆಗೆ ಸಮನಾಗಿಸಿದ ಅಂಕಿ. ಸ್ಕೇಲ್ ಶಾಖವನ್ನು ಸರಿಯಾಗಿ ದಾಟಿಸುವುದಿಲ್ಲ, ಹಾಗಾಗಿ ಅದು ದಪ್ಪವಾದಂತೆ ಲೋಹ ಇನ್ನೂ ಬಿಸಿಯಾಗುತ್ತದೆ. ಶುರುವಿನಲ್ಲಿ ಕಡಿಮೆ ಇದ್ದು ಈಗ 571ಕ್ಕಿಂತ ಜಾಸ್ತಿಯೇ ಇರಬೇಕು. ಉಳಿದ ದಿನಗಳು ಕಳೆದ ದಿನಗಳಿಗಿಂತ ಬೇಗ ಕರಗುತ್ತವೆ.

ಟರ್ಬೈನ್ ಬ್ಲೇಡಿಗೂ ಇದೇ ಗಣಿತ, ಆದರೆ ಮಿತಿ ಬೇರೆ. ಅಲ್ಲಿ ನಿಮಿಷಕ್ಕೆ 3000 ಸುತ್ತಿನ ಎಳೆತ. ಬ್ಲೇಡ್ ತುಂಡಾಗುವವರೆಗೆ ಕಾಯುವ ಹಾಗಿಲ್ಲ, ತುದಿ ಬೆಳೆದು ಸುತ್ತಲಿನ ಸೀಲ್‌ಗೆ ಉಜ್ಜಿದರೂ ಕಥೆ ಮುಗಿಯಿತು. ಅದಕ್ಕೆ ಇಷ್ಟು ಗಂಟೆಯಲ್ಲಿ ಇಷ್ಟೇ ಹಿಗ್ಗಬೇಕು ಅಂತ ಮಿತಿ ಹಾಕುತ್ತಾರೆ. ಕ್ರೀಪ್ ಚಿಂತೆ ಇರುವುದು ಬಿಸಿ ಹಬೆ ಮೊದಲು ತಾಕುವ ಗಿಡ್ಡ ಬ್ಲೇಡುಗಳಿಗೆ. ಕೊನೆಯ ಉದ್ದನೆಯವು ತಣ್ಣಗಿರುತ್ತವೆ, ಅವುಗಳ ರೋಗಗಳೇ ಬೇರೆ.

ನಮ್ಮ ಎರಡು ಟ್ಯೂಬುಗಳಿಗೆ ಗೇಜ್ ಹಾಕಿದೆವು. ವ್ಯಾಸ ಒಂದು ಕಡೆ 51.6 ಇತ್ತು. ಒಂದು ಪ್ರತಿಶತಕ್ಕಿಂತ ಸ್ವಲ್ಪ ಜಾಸ್ತಿ ಹಿಗ್ಗಿದೆ. ಅಲ್ಲಿಗೆ ಕತ್ತರಿಸುವುದೆಂದು ತೀರ್ಮಾನವಾಯಿತು. ಒಂದು ತುಂಡನ್ನು ಪರೀಕ್ಷೆಗೆ ಕಳಿಸಿದೆವು. ಅಲ್ಲಿ ಅದೇ ಎಳೆತ ಇಟ್ಟು, ಬಿಸಿಯನ್ನು ಮಾತ್ರ 620, 650, 680 ಡಿಗ್ರಿಗೆ ಏರಿಸಿ ಒಡೆಸುತ್ತಾರೆ. ಬಿಂದುಗಳನ್ನು ಸೇರಿಸಿ ಗೆರೆಯನ್ನು ಕೆಳಗಿನ ತಾಪಮಾನಕ್ಕೆ ಎಳೆದರೆ ಆ ಎರಕದ್ದೇ ಆಯಸ್ಸು ಸಿಗುತ್ತದೆ, ಪುಸ್ತಕದ ಗುಂಪಿನದಲ್ಲ.

ಆದರೆ ಈ ಎರಡೇ ಟ್ಯೂಬ್ ಯಾಕೆ ಬಿಸಿಯಾದವು? ಅದು ಗೊತ್ತಾದದ್ದು ಕೆಳಗಿನ ಬೆಂಡ್ ಕತ್ತರಿಸಿದಾಗ. ಕಪ್ಪು ಚಕ್ಕೆಗಳು ಬೊಗಸೆಗಟ್ಟಲೆ ಸುರಿದವು. ಪ್ರತಿ ಸಲ ಘಟಕ ನಿಂತು ತಣ್ಣಗಾದಾಗ ಸ್ಕೇಲ್ ಉದುರಿ ಬೆಂಡಿನಲ್ಲಿ ಸೇರಿ, ಹಬೆಯ ದಾರಿಯನ್ನು ಅರ್ಧ ಮುಚ್ಚಿತ್ತು. ಹಬೆ ಕಡಿಮೆ ಹರಿದಷ್ಟೂ ಲೋಹ ಬಿಸಿ, ಲೋಹ ಬಿಸಿಯಾದಷ್ಟೂ ಸ್ಕೇಲ್ ಜಾಸ್ತಿ.

ಹುಡುಗ ಚಕ್ಕೆಯೊಂದನ್ನು ಎತ್ತಿ ಬೆರಳಲ್ಲಿ ಪುಡಿ ಮಾಡಿ ನೋಡಿದ. ಆಮೇಲೆ ತಾನಾಗಿಯೇ ಹೋಗಿ ರೇಡಿಯೋಗ್ರಫಿಯವರನ್ನು ಕರೆತಂದ. ಉಳಿದ ಬೆಂಡುಗಳ ಫಿಲ್ಮ್ ಮಾರನೇ ದಿನ ಬೆಳಗ್ಗೆ ಬಂತು. ಇನ್ನೂ ನಾಲ್ಕರಲ್ಲಿ ಕಾಲು ಭಾಗ ತುಂಬಿತ್ತು.