ಪದ ಪರಿಚಯ: ಸೋಲಾರ್ ಪ್ಯಾನೆಲ್‌ಗಳ ಸಾಲಂತರ ಮತ್ತು ಸಾಲುನೆರಳು

ಹೊಲದಲ್ಲಿ ಪ್ಯಾನೆಲ್‌ಗಳನ್ನು ದಕ್ಷಿಣಕ್ಕೆ ಮುಖಮಾಡಿ ಎರಡು ಸಾಲಾಗಿ ನಿಲ್ಲಿಸಿದರೆ, ದಕ್ಷಿಣದ ಸಾಲಿನ ನೆರಳು ಉತ್ತರದ ಸಾಲಿನ ಮೇಲೆ ಬೀಳಬಹುದು. ಅದು ಸಾಲುನೆರಳು. ಅದನ್ನು ತಪ್ಪಿಸಲು ದಕ್ಷಿಣದ ಸಾಲಿನ ಮೇಲಂಚಿನಿಂದ ಉತ್ತರದ ಸಾಲಿನ ಕೆಳಂಚಿನವರೆಗೆ ಬಿಡುವ ಜಾಗವೇ ಸಾಲಂತರ. ಗುತ್ತಿಗೆದಾರರು ಹೇಳುವ ‘ಪಿಚ್’ ಬೇರೆ ಅಳತೆ, ಅದರಲ್ಲಿ ಪ್ಯಾನೆಲ್ ಆವರಿಸುವ ನೆಲವೂ ಸೇರುತ್ತದೆ. ಯಾವ ಅಳತೆ ಹೇಳುತ್ತಿದ್ದಾರೆಂದು ಕೇಳಿ ತಿಳಿದುಕೊಳ್ಳಿ.

ನಮ್ಮಲ್ಲಿ ನಡುಹಗಲ ಸೂರ್ಯ ಅತಿ ತಗ್ಗಿನಲ್ಲಿರುವುದು ಡಿಸೆಂಬರ್ 21ರ ಸುಮಾರಿಗೆ. ಆ ದಿನ ಸೌರ ಸಮಯ, ಅಂದರೆ ಸೂರ್ಯ ನೇರ ದಕ್ಷಿಣಕ್ಕೆ ಬಂದಾಗ 12 ಎಂದು ಎಣಿಸುವ ಸಮಯ, 9ರಿಂದ 3 ಗಂಟೆವರೆಗೆ ನೆರಳು ತಾಗಬಾರದು ಎಂಬುದು ರೂಢಿಯ ಲೆಕ್ಕ. ಪಾವಗಡದ ಸುತ್ತ ಇದು ಗಡಿಯಾರದಲ್ಲಿ ಬೆಳಿಗ್ಗೆ ಸುಮಾರು 9:20ರಿಂದ ಮಧ್ಯಾಹ್ನ 3:20. ಆ ಹೊತ್ತಿಗೆ ಅಲ್ಲಿ ಉತ್ತರಕ್ಕೆ ಚಾಚುವ ನೆರಳಿನ ಉದ್ದ ಹೆಚ್ಚುಕಡಿಮೆ ಎತ್ತರದಷ್ಟೇ ಇರುತ್ತದೆ. ಇಲ್ಲಿ ಎತ್ತರವೆಂದರೆ ನೆಲದಿಂದ ಅಳೆದದ್ದಲ್ಲ. ದಕ್ಷಿಣದ ಸಾಲಿನ ಮೇಲಂಚು ಉತ್ತರದ ಸಾಲಿನ ಕೆಳಂಚಿಗಿಂತ ಎಷ್ಟು ಮೇಲಿದೆ ಎಂಬುದು.

20 ಪ್ಯಾನೆಲ್‌ಗಳನ್ನು ಎರಡು ಸ್ಟ್ಯಾಂಡ್‌ಗಳಲ್ಲಿ ಹಾಕುತ್ತೇವೆಂದುಕೊಳ್ಳಿ. ಏಳೂವರೆ ಅಡಿ ಉದ್ದದ ಪ್ಯಾನೆಲ್‌ಗಳು ಉದ್ದಕ್ಕೆ ಒಂದರ ಮೇಲೊಂದು ಎರಡೆರಡು, ಒಟ್ಟು ಇಳಿಜಾರು 15 ಅಡಿ, ವಾಲಿಕೆ 15 ಡಿಗ್ರಿ. ಆಗ ಎತ್ತರ ಸುಮಾರು 4 ಅಡಿ, ಅಂತರವೂ 4 ಅಡಿ. ಪ್ರತಿ ಸ್ಟ್ಯಾಂಡ್ ಹದಿನಾಲ್ಕೂವರೆ ಅಡಿ ನೆಲ ಹಿಡಿಯುವುದರಿಂದ ಒಟ್ಟು 33 ಅಡಿ, ಅಂದರೆ ಒಂದು ಗುಂಟೆಯ ಸರಿಯಾದ ಉದ್ದ! ಸೌರ ಸಮಯ 8ರಿಂದಲೇ ನೆರಳು ಬೇಡವೆಂದರೆ ಅಂತರ ಐದೂವರೆ ಅಡಿಗೂ ಮೇಲೆ ಹೋಗುತ್ತದೆ, ಗುಂಟೆಯೊಳಗೆ ಹಿಡಿಸುವುದಿಲ್ಲ. ಚಳಿಗಾಲದ ಆ ಒಂದು ಗಂಟೆಯ ಬಿಸಿಲಿಗಾಗಿ ಹೊಲದ ಜಾಗ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಜಾಗ ಇನ್ನೂ ಬಿಗಿಯಾದರೆ ವಾಲಿಕೆ 10 ಡಿಗ್ರಿಗೆ ಇಳಿಸಬಹುದು. ಎರಡೂ ಮುಕ್ಕಾಲು ಅಡಿ ಅಂತರ ಸಾಕಾಗುತ್ತದೆ, ಆದರೆ ಕೆಳಂಚಿನಲ್ಲಿ ಧೂಳು ಹೆಚ್ಚು ನಿಲ್ಲುತ್ತದೆ, ತೊಳೆಯಲು ನಿಲ್ಲುವ ಜಾಗವೂ ಕಿರಿದಾಗುತ್ತದೆ.

ನಾಲ್ಕು ಬೆರಳು ನೆರಳು ತಾನೇ ಎಂದು ಬಿಡುವಂತಿಲ್ಲ. ಪ್ಯಾನೆಲ್‌ನ ಸೆಲ್‌ಗಳು ಒಂದರ ಹಿಂದೊಂದಾಗಿ ಮೂರು ಸರಣಿಗಳಲ್ಲಿವೆ. ಉದ್ದಕ್ಕೆ ನಿಲ್ಲಿಸಿದ ಹಳೆಯ ಬಗೆಯ ಪ್ಯಾನೆಲ್‌ನಲ್ಲಿ ಕೆಳಗಿನ ಒಂದು ಸಾಲು ಸೆಲ್ ಪೂರ್ತಿ ಮುಚ್ಚಿದರೆ ಅದರ ಮೂರೂ ಸರಣಿಗಳು ತಡೆದು, ಇಡೀ ಪ್ಯಾನೆಲ್ ಬಹುಪಾಲು ಸುಮ್ಮನಾಗುತ್ತದೆ. ಸೆಲ್‌ಗಳನ್ನು ಅರ್ಧಕ್ಕೆ ಕತ್ತರಿಸಿ ಮೇಲೊಂದು ಕೆಳಗೊಂದು ಗುಂಪಾಗಿ ಜೋಡಿಸಿದ ಹಾಫ್‌ಕಟ್ ಪ್ಯಾನೆಲ್ ಆದರೆ ಮೇಲಿನ ಅರ್ಧ ದುಡಿಯುತ್ತಿರುತ್ತದೆ. ಹಳೆಯದನ್ನೇ ಅಡ್ಡ ಮಲಗಿಸಿದರೆ ಕೆಳಂಚಿನ ನೆರಳಿಗೆ ಮೂರರಲ್ಲಿ ಒಂದು ಪಾಲು ಮಾತ್ರ ಹೋಗುತ್ತದೆ.

ನೆಲ ಉತ್ತರಕ್ಕೆ ಇಳಿದಿದ್ದರೆ ಈ ಲೆಕ್ಕ ಸಾಲದು. 10 ಅಡಿಗೆ 1 ಅಡಿ ಇಳಿಜಾರಿದ್ದು ವಾಲಿಕೆ 15 ಡಿಗ್ರಿಯೇ ಇರಬೇಕೆಂದರೆ 4 ಅಡಿ ಅಂತರ ಸುಮಾರು ಆರು ಅಡಿಯಾಗಬೇಕು. ಇಲ್ಲವೇ ಉತ್ತರದ ಸ್ಟ್ಯಾಂಡಿನ ಕಾಲುಗಳನ್ನು ಸುಮಾರು ಎರಡು ಅಡಿ ಎತ್ತರಿಸಬೇಕು. ಸ್ಟ್ಯಾಂಡ್ ಈಗಾಗಲೇ ನಿಂತಿದ್ದರೆ ಡಿಸೆಂಬರ್ ಕೊನೆಯ ವಾರಗಳಲ್ಲಿ ಬೆಳಿಗ್ಗೆ 9:20ಕ್ಕೆ ಉತ್ತರದ ಸಾಲಿನ ಕೆಳಂಚು ನೋಡಿ: ಗಾಜಿನ ಮೇಲೆ ನೇರ ಪಟ್ಟಿಯಂತೆ ನೆರಳು ಕಂಡರೆ ಅಂತರ ಕಡಿಮೆಯಾಗಿದೆ.